ಐಸ್ ಜಾಸ್ತಿ ಮಾರಿದ್ದಕ್ಕೆ ಬೈಗುಳ: ಬಜೆಟ್ ಮೀರಿದ್ದು ನನ್ನ ತಪ್ಪಾ?

ಬಂದರು_ಐಸ್ (ಕಾರವಾರ)

ಎಲ್ಲರಿಗೂ ನಮಸ್ಕಾರ. ಬೈತಖೋಲ್ ಕಡೆ ಒಂದು ಐಸ್ ಪ್ಲಾಂಟ್‌ನಲ್ಲಿ ಮ್ಯಾನೇಜರ್ ಆಗಿದ್ದೇನೆ. 50 ಕೆಜಿ ಗಡ್ಡೆ ಮಾಡಿ ಬೋಟುಗಳಿಗೆ ಕೊಡುತ್ತೇವೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಇರುವುದರಿಂದ ಪ್ಲಾಂಟ್ ಬಂದ್. ಆಗಸ್ಟ್‌ನಿಂದ ಶುರು.

ವರ್ಷದ ಆರಂಭದಲ್ಲಿ ಮಾಲೀಕರು ತಿಂಗಳಿಗೆ 12,000 ಗಡ್ಡೆ, ಖರ್ಚು 6,44,000 ಎಂದು ಬಜೆಟ್ ಬರೆದಿಟ್ಟಿದ್ದರು. ಅಕ್ಟೋಬರ್‌ನಲ್ಲಿ ಬಂಗಡೆ ಚೆನ್ನಾಗಿ ಬಿತ್ತು. ಹೊರಗಿನ ಬೋಟುಗಳೂ ಬಂದವು. 15,000 ಗಡ್ಡೆ ಹೋಯಿತು. ಖರ್ಚು 7,71,000 ಆಯಿತು.

ತಿಂಗಳ ಕೊನೆಗೆ ಮಾಲೀಕರು ರಿಜಿಸ್ಟರ್ ತೆರೆದು 1,27,000ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, "ಇಷ್ಟು ಯಾಕೆ ಮೀರಿತು?" ಅಂದರು. ನಾನು "ಐಸ್ ಜಾಸ್ತಿ ಮಾಡಿದ್ದೇವಲ್ಲ" ಅಂದೆ. "ಅದು ಬೇರೆ, ಬಜೆಟ್ ಅಂದ್ರೆ ಬಜೆಟ್" ಅಂದರು. ಅಲ್ಲಿಗೆ ಮಾತು ಮುಗಿಯಿತು. ಹೊಟ್ಟೆ ಉರಿಯುವುದು ಇದಕ್ಕಲ್ಲ. ನನಗಿಂತ ಮೊದಲು ಇದ್ದವರು ಒಂದು ತಿಂಗಳು 9,000 ಗಡ್ಡೆ ಮಾತ್ರ ಮಾರಿ 5,60,000 ಖರ್ಚು ಮಾಡಿದ್ದರಂತೆ. 84,000 ಉಳಿಸಿದರು ಎಂದು ಅವರಿಗೆ ದೀಪಾವಳಿಗೆ ಬೋನಸ್ ಕೊಟ್ಟಿದ್ದರು. ಇದು ಯಾವ ನ್ಯಾಯ?

ಅಂಕೋಲಾ_ಪೇಟೆ

ಮಾರಾಯ್ರೇ, ಇದಕ್ಕೇ ಫ್ಲೆಕ್ಸಿಬಲ್ ಬಜೆಟ್ ಅಂತ ಇರೋದು. ಸುಲಭ. ನೀವು 12,000ದ ಬದಲು 15,000 ಮಾಡಿದ್ದೀರಿ, ಅಂದರೆ ಒಂದೂಕಾಲು ಪಟ್ಟು. ಬಜೆಟ್ ಕೂಡ ಒಂದೂಕಾಲು ಪಟ್ಟು ಮಾಡಿ. 6,44,000 ಹೋಗಿ 8,05,000 ಆಗುತ್ತದೆ. ನಿಮ್ಮ ಖರ್ಚು 7,71,000. ನೀವು ಮೀರಿಸಿಲ್ಲ, 34,000 ಉಳಿಸಿದ್ದೀರಿ! ಹೋಗಿ ಬೋನಸ್ ಕೇಳಿ.

ತೋಟದಮನೆ_ಅಕ್ಕ (ಶಿರಸಿ)

ನನಗೆ ಈ ಫ್ಲೆಕ್ಸಿಬಲ್ ಅನ್ನುವುದೇ ಸರಿ ಕಾಣುವುದಿಲ್ಲ. ನಮ್ಮ ಮಹಿಳಾ ಸಂಘದಲ್ಲಿ ಹಾಗೇ ಮಾಡಿದ್ದರು. ಹಪ್ಪಳದ ಖರ್ಚು ಹೆಚ್ಚಾದ ಹಾಗೆಲ್ಲ ಬಜೆಟ್ ತಿದ್ದುತ್ತಾ ಹೋದರು. ಕೊನೆಗೆ ಎಲ್ಲ ತಿಂಗಳೂ ಬಜೆಟ್ ಒಳಗೇ ಇದ್ದೆವು, ಡಬ್ಬಿಯಲ್ಲಿ ಮಾತ್ರ ದುಡ್ಡಿರಲಿಲ್ಲ. ಬೇಕಾದಾಗ ಬದಲಾಯಿಸುವುದಾದರೆ ಬಜೆಟ್ ಯಾಕೆ ಬೇಕು?

ಲೆಕ್ಕದ_ಮೇಷ್ಟ್ರು (ಕುಮಟಾ)

ಅಕ್ಕ, ನೀವು ಹೇಳಿದ್ದು ಬಜೆಟ್ ತಿದ್ದುವುದು. ಇದು ಅದಲ್ಲ. ಇಲ್ಲಿ ಖರ್ಚು ನೋಡಿ ಬಜೆಟ್ ಬದಲಾಯಿಸುವ ಹಾಗಿಲ್ಲ. ಒಂದು ಗಡ್ಡೆಗೆ ಎಷ್ಟು ಎಂಬ ದರ ವರ್ಷದ ಆರಂಭದಲ್ಲೇ ಕಟ್ಟಿ ಹಾಕಿರುತ್ತದೆ. ಬದಲಾಗುವುದು ಗಡ್ಡೆಯ ಸಂಖ್ಯೆ ಮಾತ್ರ. ನಿಮ್ಮ ಸಂಘದಲ್ಲಿ ಒಂದು ಕೆಜಿ ಹಪ್ಪಳಕ್ಕೆ ಇಷ್ಟೇ ಉದ್ದು, ಇಷ್ಟೇ ಎಣ್ಣೆ ಎಂದು ಮೊದಲೇ ಬರೆದಿಟ್ಟಿದ್ದರೆ ಯಾರೂ ಆಟ ಆಡಲು ಆಗುತ್ತಿರಲಿಲ್ಲ.

ಅಂಕೋಲಾದವರು ಹೇಳಿದ್ದು ಅರ್ಧ ಸರಿ. ದಾರಿ ಸರಿ, ಹೆಜ್ಜೆ ತಪ್ಪಿದೆ. ಎಲ್ಲ ಖರ್ಚೂ ಒಂದೂಕಾಲು ಪಟ್ಟು ಆಗುವುದಿಲ್ಲ. ಐಸ್ ಜಾಸ್ತಿ ಹೋಯಿತು ಅಂತ ಆಪರೇಟರ್ ಸಂಬಳ ಒಂದೂಕಾಲು ಪಟ್ಟು ಆಗುತ್ತದಾ? ಜಾಗದ ಬಾಡಿಗೆ ಆಗುತ್ತದಾ? ಆ 34,000 ಉಳಿತಾಯ ಸುಳ್ಳು. ಯಾರೂ ಖರ್ಚು ಮಾಡಬೇಕಿಲ್ಲದ ದುಡ್ಡನ್ನು ಉಳಿಸಿದ ಹಾಗೆ.

ಬಂದರು_ಐಸ್ ಅವರೇ, 6,44,000 ಹೇಗೆ ಬಂತು, ಒಡೆದು ಹಾಕಿ. ಅಕ್ಟೋಬರ್‌ನ ಖರ್ಚೂ ಹಾಗೇ ಹಾಕಿ.

ಬಂದರು_ಐಸ್

ರಿಜಿಸ್ಟರ್ ನೋಡಿ ಬರೆಯುತ್ತಿದ್ದೇನೆ ಸರ್. ಬಜೆಟ್‌ನಲ್ಲಿ ಇದ್ದದ್ದು:

ಕರೆಂಟು: ತಿಂಗಳ ನಿಗದಿ ಶುಲ್ಕ 60,000. ಅದರ ಮೇಲೆ ಗಡ್ಡೆಗೆ 28 ರೂಪಾಯಿ. ಗಡ್ಡೆಗೆ ಮೂರೂವರೆ ಯೂನಿಟ್, ಯೂನಿಟ್‌ಗೆ 8 ರೂಪಾಯಿ ಎಂದು ಹಿಡಿದಿದ್ದಾರೆ.
ಎತ್ತಿ, ಪುಡಿ ಮಾಡಿ, ಬೋಟಿಗೆ ತುಂಬುವ ಕೂಲಿ: ಗಡ್ಡೆಗೆ 6.
ನೀರು, ಉಪ್ಪು, ಆಯಿಲ್: ಗಡ್ಡೆಗೆ 3.
ಆಪರೇಟರ್‌ಗಳ ಸಂಬಳ 90,000.
ಬಾಡಿಗೆ, ವಿಮೆ, ರಿಪೇರಿ 50,000.

ಅಕ್ಟೋಬರ್‌ನಲ್ಲಿ ಆದದ್ದು: ಕರೆಂಟು 5,04,000. ಕೂಲಿ 90,000. ನೀರು-ಉಪ್ಪು 42,000, ಮಳೆ ನೀರು ಬಾವಿಯಲ್ಲಿ ಇತ್ತು, ಟ್ಯಾಂಕರ್ ಕಡಿಮೆ ತರಿಸಿದೆ. ಸಂಬಳ 90,000. ಬಾಡಿಗೆ-ರಿಪೇರಿ 45,000.

ಲೆಕ್ಕದ_ಮೇಷ್ಟ್ರು

ನಿಮ್ಮ ಮಾಲೀಕರು ಬಜೆಟ್ ಚೆನ್ನಾಗೇ ಬರೆದಿದ್ದಾರೆ. ಬಳಸುವುದು ಮಾತ್ರ ತಪ್ಪಾಗಿದೆ. ನೋಡಿ.

ಗಡ್ಡೆ ಜೊತೆ ಏರುವ ಖರ್ಚು 28, 6, 3. ಒಟ್ಟು 37. ಗಡ್ಡೆ ಎಷ್ಟೇ ಆದರೂ ಕದಲದ ಖರ್ಚು 60, 90, 50 ಸಾವಿರ. ಒಟ್ಟು 2,00,000. ಈಗ 12,000ವನ್ನು 37ರಿಂದ ಗುಣಿಸಿ 2,00,000 ಸೇರಿಸಿ, ಅದೇ 6,44,000 ಬರುತ್ತದೆ. ಅದೇ ಸೂತ್ರಕ್ಕೆ 15,000 ಹಾಕಿ. 5,55,000 ಮತ್ತು 2,00,000, ಅಂದರೆ 7,55,000. 15,000 ಗಡ್ಡೆ ಮಾಡಿದವನಿಗೆ ಇಷ್ಟು ಖರ್ಚು ಮಾಡುವ ಹಕ್ಕಿತ್ತು. ನೀವು ಮಾಡಿದ್ದು 7,71,000. ಮೀರಿದ್ದು 16,000 ಮಾತ್ರ.

ಕೆಂಪು ಸುತ್ತಿನೊಳಗಿನ 1,27,000ದಲ್ಲಿ 1,11,000 ಬಂಗಡೆ ತಂದದ್ದು. ಹೆಚ್ಚುವರಿ 3,000 ಗಡ್ಡೆಗೆ ತಲಾ 37. ಅದಕ್ಕೆ ನಿಮ್ಮನ್ನು ಬೈದರೆ, ಗಿರಾಕಿ ಜಾಸ್ತಿ ಬಂದರು ಅಂತ ಹೋಟೆಲಿನ ಅಡುಗೆಯವನಿಗೆ ಬೈದ ಹಾಗೆ.

ಈಗ ಹಿಂದಿನವರ ಲೆಕ್ಕ. 9,000 ಗಡ್ಡೆಗೆ 3,33,000 ಮತ್ತು 2,00,000, ಒಟ್ಟು 5,33,000 ಆಗಬೇಕಿತ್ತು. ಅವರು 5,60,000 ಮಾಡಿದ್ದಾರೆ. 27,000 ಮೀರಿಸಿದವರಿಗೆ 84,000 ಉಳಿಸಿದರು ಎಂದು ಬೋನಸ್ ಸಿಕ್ಕಿದೆ. ಬೋಟುಗಳು ಬರಲಿಲ್ಲ, ಐಸ್ ಹೋಗಲಿಲ್ಲ, ಖರ್ಚು ತಾನಾಗೇ ಇಳಿಯಿತು. ಒಳಗೆ ಆದ ಸೋರಿಕೆಯನ್ನು ಆ ಇಳಿಕೆ ಮುಚ್ಚಿ ಹಾಕಿತು. ಗಡ್ಡೆ ಎಷ್ಟೇ ಹೋದರೂ ಬದಲಾಗದ ಬಜೆಟ್‌ಗೆ ಸ್ಟ್ಯಾಟಿಕ್ ಬಜೆಟ್ ಅನ್ನುತ್ತಾರೆ, ನನ್ನ ಅನುಭವದಲ್ಲಿ ಅದರ ದೊಡ್ಡ ಅಪಾಯ ಇದೇ. ಬೈಸಿಕೊಂಡವನು ಬಂದು ಗಲಾಟೆ ಮಾಡುತ್ತಾನೆ. ಹೊಗಳಿಸಿಕೊಂಡವನು ಸುಮ್ನೆ ಇರುತ್ತಾನೆ, ಅವನ ಲೆಕ್ಕ ಯಾರೂ ತೆರೆದು ನೋಡುವುದಿಲ್ಲ.

ಅಂಕೋಲಾ_ಪೇಟೆ

ಒಪ್ಪಿದೆ ಮೇಷ್ಟ್ರೇ. ನಮ್ಮ ಅಂಗಡಿಯಲ್ಲಿ ಬಾಡಿಗೆ ಬಿಟ್ಟರೆ ಎಲ್ಲವೂ ಸರಕಿನ ಜೊತೆಗೇ ಏರುತ್ತದೆ, ಅದಕ್ಕೆ ಹಾಗೆ ಅಂದುಕೊಂಡೆ. ಆದರೂ 16,000 ಮೀರಿದ್ದು ಹಾಗೇ ಇದೆಯಲ್ಲ. ಇವರನ್ನು ಪೂರ್ತಿ ಬಿಡುವ ಹಾಗಿಲ್ಲ.

ಬಂದರು_ಐಸ್

16,000 ಎಲ್ಲಿ ಹೋಯಿತು ಅಂತ ನಾನೂ ನೋಡಿದೆ. ಕರೆಂಟಿನಲ್ಲೇ ಇದೆ. 15,000 ಗಡ್ಡೆಗೆ 4,20,000 ಮತ್ತು 60,000, ಅಂದರೆ 4,80,000 ಆಗಬೇಕಿತ್ತು. 24,000 ಜಾಸ್ತಿ ಬಂದಿದೆ. ನೀರಿನಲ್ಲಿ 3,000, ರಿಪೇರಿಯಲ್ಲಿ 5,000 ಉಳಿಸಿದ್ದರಿಂದ 16,000ಕ್ಕೆ ಇಳಿಯಿತು. ಕರೆಂಟಿನ ದರ ನನ್ನ ಕೈಯಲ್ಲಿಲ್ಲ, ಅಲ್ವಾ?

ಲೆಕ್ಕದ_ಮೇಷ್ಟ್ರು

ದರವಾ, ಬಳಕೆಯಾ ಎಂದು ಬಿಲ್ ಹೇಳುತ್ತದೆ. ಯೂನಿಟ್ ಎಷ್ಟು ಬಂದಿದೆ ನೋಡಿ. 15,000 ಗಡ್ಡೆಗೆ 52,500 ಬರಬೇಕು.

ಬಂದರು_ಐಸ್

55,000 ಯೂನಿಟ್. ದರ 8 ರೂಪಾಯಿಯೇ ಬಿದ್ದಿದೆ, ಅಂದರೆ 4,40,000. ನಿಗದಿ ಶುಲ್ಕ 60,000. ಇನ್ನೊಂದು 4,000, ಮಂಜೂರಾದ ಲೋಡ್ ಮೀರಿದ್ದಕ್ಕೆ ದಂಡ. ಒಂದು ಸಂಜೆ ಎರಡೂ ಕಂಪ್ರೆಸರ್, ಕ್ರಷರ್, ಪಂಪು ಒಟ್ಟಿಗೆ ಓಡಿಸಿದ್ದೆವು. ಆ ದಿನ 11 ಬೋಟು ಸಾಲಾಗಿ ನಿಂತಿದ್ದವು, ಏನು ಮಾಡಲಿ.

ಬೆಲೇಕೇರಿ_ಕಂಪ್ರೆಸರ್

ನಾನು 22 ವರ್ಷ ಐಸ್ ಪ್ಲಾಂಟ್‌ಗಳಲ್ಲಿ ಮಷಿನ್ ಕಡೆ ಇದ್ದವನು. ಲೆಕ್ಕ ಗೊತ್ತಿಲ್ಲ, ಯೂನಿಟ್ ಗೊತ್ತು. 2,500 ಯೂನಿಟ್ ಸುಮ್ನೆ ಹೋಗುವುದಿಲ್ಲ. ಎರಡೇ ಕಾರಣ. ಒಂದು, ಕಂಡೆನ್ಸರ್ ಪೈಪಿನೊಳಗೆ ಸುಣ್ಣದ ಪದರ ಕಟ್ಟಿದ್ದರೆ ಅಥವಾ ಅಮೋನಿಯಾ ಲೈನಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಪ್ರೆಷರ್ ಏರುತ್ತದೆ, ಅದೇ ಗಡ್ಡೆಗೆ ಕಂಪ್ರೆಸರ್ ಜಾಸ್ತಿ ದುಡಿಯುತ್ತದೆ. ಗೇಜ್ ನೋಡಿದರೆ ತಿಳಿಯುತ್ತದೆ. ರಿಪೇರಿಯಲ್ಲಿ 5,000 ಉಳಿಸಿದೆ ಅಂದಿರಲ್ಲ, ಕಂಡೆನ್ಸರ್ ತೊಳೆಯುವುದನ್ನು ಮುಂದೆ ಹಾಕಿ ಉಳಿಸಿದ್ದಲ್ಲ ತಾನೆ? ಎರಡನೆಯದು, ಮಾಡಿದ ಗಡ್ಡೆ ಬೇರೆ, ಹೋದ ಗಡ್ಡೆ ಬೇರೆ. 15,000 ಅನ್ನುವುದು ಟ್ಯಾಂಕಿನಿಂದ ಎತ್ತಿದ ಡಬ್ಬದ ಲೆಕ್ಕವಾ, ಬೋಟಿನ ಚೀಟಿಯ ಲೆಕ್ಕವಾ?

ಬಂದರು_ಐಸ್

ಚೀಟಿಯ ಲೆಕ್ಕ. ಕಂಡೆನ್ಸರ್ ಸೆಪ್ಟೆಂಬರ್‌ನಲ್ಲೇ ತೊಳೆಸಿದ್ದೇನೆ, ಪ್ರೆಷರ್ ಸರಿಯಾಗಿದೆ. ಡಬ್ಬದ ಬುಕ್ ನೋಡಿದೆ, 15,600 ಎತ್ತಿದ್ದಾರೆ. 600 ಕರಗಿದ್ದು, ಒಡೆದದ್ದು. ಮಧ್ಯದಲ್ಲಿ ಗಾಳಿ ಎದ್ದು ಎರಡು ದಿನ ಬೋಟುಗಳು ಹೊರಗೆ ಹೋಗಲಿಲ್ಲ.

ಒಂದು ನಿಮಿಷ. ಹಾಗಾದರೆ ಮೇಷ್ಟ್ರೇ, ನಾನು *ಮಾಡಿದ್ದು* 15,600. ನಿಮ್ಮ ಸೂತ್ರಕ್ಕೆ 15,600 ಹಾಕಿದರೆ 5,77,200 ಮತ್ತು 2,00,000, ಒಟ್ಟು 7,77,200. ನನ್ನ ಖರ್ಚು 7,71,000. ನಾನು 6,200 ಉಳಿಸಿದ್ದೇನೆ!

ಅಂಕೋಲಾ_ಪೇಟೆ

ನಾನು ಮೊದಲೇ ಹೇಳಿದ್ದೆ, ಬೋನಸ್ ಕೇಳಿ ಅಂತ 😄

ಲೆಕ್ಕದ_ಮೇಷ್ಟ್ರು

ಅಲ್ಲೇ ಜಾರುವುದು. ಮಾಡಿದ ಗಡ್ಡೆಗೆ ಬಜೆಟ್ ಕೊಟ್ಟರೆ, ಕರಗಿದ ಪ್ರತಿ ಗಡ್ಡೆಗೂ 37 ರೂಪಾಯಿ ಮಾಫಿ ಕೊಟ್ಟ ಹಾಗೆ ಆಗುತ್ತದೆ. ನಾಳೆ ಯಾರಾದರೂ 20,000 ಮಾಡಿ 5,000 ಸಮುದ್ರಕ್ಕೆ ಸುರಿದರೂ ಬಜೆಟ್ ಒಳಗೇ ಇರುತ್ತಾರೆ. ಅದಕ್ಕೇ ಗಿರಾಕಿಯ ಕೈ ಸೇರಿದ ಗಡ್ಡೆಯನ್ನೇ ಹಿಡಿಯಬೇಕು. ಅದರ ಮೇಲೆ, ಐಸ್ ಅಂದ ಮೇಲೆ ಕರಗುತ್ತದೆ, ನೂರಕ್ಕೆ ಇಷ್ಟು ನಷ್ಟ ಸಹಜ ಎಂದು ಆರಂಭದಲ್ಲೇ ದರದೊಳಗೆ ಸೇರಿಸಬೇಕು. ನಿಮ್ಮ ಮೂರೂವರೆ ಯೂನಿಟ್‌ನಲ್ಲಿ ಅದು ಸೇರಿದೆಯಾ?

ಲೆಕ್ಕ ಹೀಗೆ ಕೂರುತ್ತದೆ. 600 ಗಡ್ಡೆಗೆ ಮೂರೂವರೆಯಂತೆ 2,100 ಯೂನಿಟ್. ಜಾಸ್ತಿ ಹೋದ 2,500ರಲ್ಲಿ ಇದೇ ಬಹುಪಾಲು. 16,800 ರೂಪಾಯಿ. ನಿಮ್ಮ ಮಷಿನ್ ಚೆನ್ನಾಗಿದೆ. ಸೋರಿದ್ದು ಸ್ಟೋರಿನಲ್ಲಿ. ಕೂಲಿ ಮಾತ್ರ ಸರಿಯಾಗಿ 90,000ಕ್ಕೆ ನಿಂತಿದೆ, ಯಾಕೆಂದರೆ ಅವರಿಗೆ ತುಂಬಿದ ಗಡ್ಡೆಗೆ ದುಡ್ಡು.

ಬಂದರು_ಐಸ್

ಸೇರಿಲ್ಲ ಸರ್. ಮೂರೂವರೆ ಅನ್ನುವುದು ಬರೀ ಮಾಡುವ ಲೆಕ್ಕ.

ಬೆಲೇಕೇರಿ_ಕಂಪ್ರೆಸರ್

ನನಗೆ ಒಂದು ಅರ್ಥ ಆಗುವುದಿಲ್ಲ. ಗಾಳಿ ಎದ್ದಿತು, ಬೋಟು ಹೋಗುವುದಿಲ್ಲ ಅಂತ ಗೊತ್ತಾಯಿತು. ಆಗ ಗಡ್ಡೆ ಎತ್ತಿದ್ದು ಯಾಕೆ? ಡಬ್ಬದೊಳಗೇ ಉಪ್ಪುನೀರಿನಲ್ಲಿ ಬಿಟ್ಟಿದ್ದರೆ ಕರಗುತ್ತಿರಲಿಲ್ಲ. ಎತ್ತಿ ಸ್ಟೋರಿಗೆ ಹಾಕಿದ ಮೇಲೆ, ಅದರಲ್ಲೂ ಬಾಗಿಲು ತೆರೆದು ಮುಚ್ಚಿ ಮಾಡಿದರೆ, ಮೂಲೆ ಸವೆಯುವುದು ಕಣ್ಣಿಗೇ ಕಾಣುತ್ತದೆ.

ಬಂದರು_ಐಸ್

ಅಣ್ಣ, ಗಡ್ಡೆ ಕಟ್ಟಲು ಸುಮಾರು ಒಂದು ದಿನ ಬೇಕು, ನಿಮಗೆ ಗೊತ್ತೇ ಇದೆ. ಗಾಳಿ ನಿಂತ ಕೂಡಲೇ ಎಲ್ಲ ಬೋಟು ಒಮ್ಮೆಲೇ ಬರುತ್ತವೆ. ಆಗ ಟ್ಯಾಂಕಿನಲ್ಲಿ ಇದ್ದದ್ದು ಮಾತ್ರ ಕೊಟ್ಟರೆ ಸಾಲುವುದಿಲ್ಲ, ಉಳಿದವರು ಪಕ್ಕದ ಪ್ಲಾಂಟ್‌ಗೆ ಹೋಗುತ್ತಾರೆ. ಹಾಗಾಗಿ ಎತ್ತಿ ಸ್ಟೋರ್ ತುಂಬಿಸಿ, ಡಬ್ಬಕ್ಕೆ ಮತ್ತೆ ನೀರು ಬಿಟ್ಟೆವು. "ಸ್ಟೋರ್ ಖಾಲಿ ಇಡಬೇಡ" ಎಂದು ಹೇಳಿದ್ದು ಮಾಲೀಕರೇ. ಫೋನಿನಲ್ಲಿ.

ಬೆಲೇಕೇರಿ_ಕಂಪ್ರೆಸರ್

ಹಾಗಾದರೆ ಅದು ನಿನ್ನ ತಲೆಗೆ ಬರಬಾರದು.

ಲೆಕ್ಕದ_ಮೇಷ್ಟ್ರು

ನಾನು ಪೂರ್ತಿ ಒಪ್ಪುವುದಿಲ್ಲ. ಸ್ಟೋರ್ ತುಂಬು ಅಂದದ್ದು ಮಾಲೀಕರು, ಸರಿ. ಬಾಗಿಲು, ಒಡೆದ ಗಡ್ಡೆ, ಹಳೆಯದನ್ನು ಮೊದಲು ಕೊಡದೆ ಹೊಸದನ್ನು ಕೊಟ್ಟದ್ದು, ಇವು ಮ್ಯಾನೇಜರ್‌ಗೆ ಸೇರಿದ್ದು. 600ರಲ್ಲಿ ಯಾವುದು ಎಷ್ಟು ಎಂದು ಬಜೆಟ್ ಹೇಳುವುದಿಲ್ಲ. ಎಲ್ಲಿ ಕೇಳಬೇಕು ಎಂದು ಮಾತ್ರ ತೋರಿಸುತ್ತದೆ.

ತೋಟದಮನೆ_ಅಕ್ಕ

ಈಗ ನನಗೆ ಸ್ವಲ್ಪ ಅರ್ಥ ಆಯಿತು. ಆದರೆ ಎಲ್ಲವೂ ಗಡ್ಡೆಯ ಹಾಗೆ ಎಣಿಸಲು ಬರುತ್ತದಾ? ನಮ್ಮಲ್ಲಿ ಕೆಂಪಡಿಕೆ ಬೇಯಿಸುತ್ತೇವೆ. ಕಟ್ಟಿಗೆ ಖರ್ಚು ಅಡಿಕೆಯ ತೂಕಕ್ಕೆ ಹೋಗುವುದಿಲ್ಲ, ಹಂಡೆಗೆ ಹೋಗುತ್ತದೆ. ಹಂಡೆ ತುಂಬಿದ್ದರೂ ಅರ್ಧ ಇದ್ದರೂ ಬೆಂಕಿ ಹೆಚ್ಚುಕಡಿಮೆ ಅಷ್ಟೇ ಬೇಕು. ಹೋದ ವರ್ಷ ಸುಲಿಯುವವರು ದಿನಕ್ಕೆ ಸ್ವಲ್ಪ ಸ್ವಲ್ಪವೇ ಸುಲಿದು ಕೊಟ್ಟರು. ಬೇಯಿಸುವ ನಮ್ಮ ಆಳು ಕಟ್ಟಿಗೆ ಸುಟ್ಟ ಅಂತ ನಮ್ಮ ಯಜಮಾನರು ಅವನಿಗೆ ಬೈದರು. ತಪ್ಪು ಅವನದಲ್ಲ ಅಂತ ನನಗೆ ಆಗಲೇ ಅನಿಸಿತ್ತು, ಹೇಗೆ ಹೇಳಬೇಕು ಅಂತ ಗೊತ್ತಿರಲಿಲ್ಲ.

ಲೆಕ್ಕದ_ಮೇಷ್ಟ್ರು

ಅಕ್ಕ, ನೀವು ಹೇಳಿದ್ದು ಎಷ್ಟೋ ಓದಿದವರಿಗೂ ಹೊಳೆಯುವುದಿಲ್ಲ. ಕಟ್ಟಿಗೆಯ ಬಜೆಟ್ ಹಂಡೆಯ ಲೆಕ್ಕದಲ್ಲಿ ಇರಬೇಕು, ಕ್ವಿಂಟಲ್ ಲೆಕ್ಕದಲ್ಲಿ ಅಲ್ಲ. ಹಂಡೆಗೆ ಇಷ್ಟು ಕಟ್ಟಿಗೆ ಎಂದು ಇಟ್ಟರೆ ಬೇಯಿಸುವವನು ಪಾಸ್. ಇಷ್ಟು ಅಡಿಕೆಗೆ ಇಷ್ಟೇ ಹಂಡೆ ಏರಬೇಕಿತ್ತು, ಜಾಸ್ತಿ ಯಾಕೆ ಏರಿತು ಎಂಬ ಪ್ರಶ್ನೆ ಸುಲಿಸುವ ವ್ಯವಸ್ಥೆ ಮಾಡಿದವರಿಗೆ ಹೋಗುತ್ತದೆ. ಅದು ನಿಮ್ಮ ಯಜಮಾನರೇ ಇರಬಹುದು, ನಾನು ಹೇಳಿದೆ ಅನ್ನಬೇಡಿ.

ಯಾವ ಖರ್ಚು ಯಾವುದರ ಹಿಂದೆ ಓಡುತ್ತದೆ ಎಂದು ತಪ್ಪು ಹಿಡಿದರೆ ಫ್ಲೆಕ್ಸಿಬಲ್ ಬಜೆಟ್ ಕೂಡ ಅನ್ಯಾಯವನ್ನೇ ಮಾಡುತ್ತದೆ.

ಹೊನ್ನಾವರದವ

ನಾನು ಮಾಲೀಕರ ಕಡೆಯಿಂದ ಒಂದು ಮಾತು ಹೇಳುತ್ತೇನೆ, ನನ್ನದೂ ಸಣ್ಣ ಘಟಕ ಇದೆ. ಎಲ್ಲರೂ 37, 37 ಅನ್ನುತ್ತಿದ್ದೀರಿ. ಆ 37 ಹೇಳಿದವರು ಯಾರು? ಮ್ಯಾನೇಜರೇ ಹೇಳಿದ್ದರೆ ಅದರೊಳಗೆ ನಾಲ್ಕು ರೂಪಾಯಿ ಜಾಸ್ತಿ ಸೇರಿಸಿಯೇ ಇಟ್ಟಿರುತ್ತಾನೆ. ಆಮೇಲೆ ಎಷ್ಟು ಫ್ಲೆಕ್ಸ್ ಮಾಡಿದರೂ ಅವನೇ ಗೆಲ್ಲುತ್ತಾನೆ. ಮತ್ತೆ ನನಗೆ ಬ್ಯಾಂಕಿಗೆ ತೋರಿಸಲು, ಆಗಸ್ಟ್‌ಗೆ ಮುಂಚೆ ಎಷ್ಟು ದುಡ್ಡು ಹೊಂದಿಸಬೇಕು ಎಂದು ತಿಳಿಯಲು ಒಂದೇ ಸಂಖ್ಯೆ ಬೇಕು. "ಗಡ್ಡೆ ಎಷ್ಟೋ ಅಷ್ಟು" ಎಂದರೆ ಬ್ಯಾಂಕಿನವರು ನಗುತ್ತಾರೆ.

ಲೆಕ್ಕದ_ಮೇಷ್ಟ್ರು

ಎರಡೂ ಸರಿಯಾದ ಮಾತು. ದುಡ್ಡು ಹೊಂದಿಸಲು 6,44,000 ಇರಲಿ, ಅದನ್ನು ಯಾರೂ ಹರಿದು ಹಾಕುತ್ತಿಲ್ಲ. ತಿಂಗಳು ಮುಗಿದ ಮೇಲೆ ಮನುಷ್ಯನನ್ನು ಅಳೆಯಲು ಅದೇ ಕೋಲು ಹಿಡಿಯಬೇಡಿ, ಅಷ್ಟೇ.

37ರ ಮೇಲೆ ಅನುಮಾನ ಇದ್ದರೆ ಹಳೆಯ ಬಿಲ್ಲಿನಿಂದ ಪರೀಕ್ಷೆ ಮಾಡಬಹುದು. ಕಡಿಮೆ ಐಸ್ ಹೋದ ಒಂದು ತಿಂಗಳು, ಜಾಸ್ತಿ ಹೋದ ಒಂದು ತಿಂಗಳು ತೆಗೆದುಕೊಳ್ಳಿ. ಉದಾಹರಣೆಗೆ 10,000 ಗಡ್ಡೆಯ ತಿಂಗಳು ಕರೆಂಟು 3,40,000, 14,000 ಗಡ್ಡೆಯ ತಿಂಗಳು 4,52,000 ಎಂದಿಟ್ಟುಕೊಳ್ಳಿ. 4,000 ಗಡ್ಡೆಗೆ 1,12,000 ಏರಿದೆ, ಅಂದರೆ ಗಡ್ಡೆಗೆ 28. 10,000ಕ್ಕೆ 2,80,000 ಕಳೆದರೆ ಉಳಿಯುವ 60,000 ಕದಲದ ಭಾಗ. ಬಿಲ್ಲಿನ ನಿಗದಿ ಶುಲ್ಕದ ಸಾಲಿನ ಜೊತೆ ಹೋಲಿಸಿ ನೋಡಿ. ತುಂಬ ವ್ಯತ್ಯಾಸ ಇದ್ದರೆ ಯಾವುದೋ ತಿಂಗಳು ಸರಿಯಿಲ್ಲ.

ಬೆಲೇಕೇರಿ_ಕಂಪ್ರೆಸರ್

ಆಗಸ್ಟ್ ತಿಂಗಳನ್ನು ಮಾತ್ರ ತೆಗೆದುಕೊಳ್ಳಬೇಡಿ. ಎರಡು ತಿಂಗಳು ಬಂದ್ ಇದ್ದ ಟ್ಯಾಂಕಿನ ಉಪ್ಪುನೀರು ಬೆಚ್ಚಗಿರುತ್ತದೆ. ಅದನ್ನು ತಣಿಸಲೇ ಕಂಪ್ರೆಸರ್ ಹಗಲು ರಾತ್ರಿ ಓಡುತ್ತದೆ, ಒಂದು ಗಡ್ಡೆಯೂ ಬಂದಿರುವುದಿಲ್ಲ. ಆ ತಿಂಗಳ ಬಿಲ್ ಹಿಡಿದು ಲೆಕ್ಕ ಹಾಕಿದರೆ ಎಲ್ಲ ಕೆಡುತ್ತದೆ.

ಹೊನ್ನಾವರದವ

ಇದು ಗೊತ್ತಿರಲಿಲ್ಲ. ನಮ್ಮದು ಐಸ್ ಅಲ್ಲ, ಆದರೂ ಮಳೆಗಾಲದ ನಂತರ ಬಾಯ್ಲರ್ ಶುರು ಮಾಡುವಾಗ ಹೀಗೇ ಆಗುತ್ತದೆ. ಬಂದರು_ಐಸ್ ಅವರೇ, ಮಾಲೀಕರಿಗೆ ಖರ್ಚು ಮಾತ್ರ ತೋರಿಸಬೇಡಿ, ಆದಾಯವನ್ನೂ ಪಕ್ಕದಲ್ಲಿ ಬರೆಯಿರಿ. ಗಡ್ಡೆ ಎಷ್ಟಕ್ಕೆ ಮಾರುತ್ತೀರಿ?

ಬಂದರು_ಐಸ್

80. ಹೆಚ್ಚುವರಿ 3,000 ಗಡ್ಡೆಗೆ 2,40,000 ಬಂದಿದೆ. ಅದಕ್ಕೆ ತಗುಲಿದ್ದು 1,11,000.

ಬಂದರು_ಐಸ್ (ನಾಲ್ಕು ದಿನದ ನಂತರ)

ತೋರಿಸಿದೆ. ಒಂದು ಹಾಳೆಯಲ್ಲಿ ಮೂರು ಸಾಲು ಬರೆದುಕೊಂಡು ಹೋಗಿದ್ದೆ. ಮೊದಲು 12,000ದ ಬಜೆಟ್, ನಡುವೆ 15,000ಕ್ಕೆ ಆಗಬೇಕಿದ್ದದ್ದು, ಕೊನೆಗೆ ಆದದ್ದು. ಮಾಲೀಕರು ನಡುವಿನ ಸಾಲನ್ನು ತುಂಬ ಹೊತ್ತು ನೋಡಿದರು. ಹಿಂದಿನವರ 9,000ದ ಲೆಕ್ಕ ನಾನು ಹೇಳಲಿಲ್ಲ. ಅವರೇ ಹಾಳೆ ತಿರುಗಿಸಿ ಪೆನ್ನು ಹಿಡಿದು ಹಾಕಿ ನೋಡಿದರು. ಏನೂ ಅನ್ನಲಿಲ್ಲ.

1,27,000ದ ಮಾತು ಬಿಟ್ಟರು. 4,000 ದಂಡ ನನ್ನದು ಎಂದು ಒಪ್ಪಿಕೊಂಡೆ, ಕ್ರಷರ್ ಹತ್ತು ನಿಮಿಷ ತಡವಾಗಿ ಹಾಕಬಹುದಿತ್ತು. ಆದರೆ 600 ಗಡ್ಡೆಯ ಬಗ್ಗೆ ಜಗಳ ಮುಗಿದಿಲ್ಲ. "ಸ್ಟೋರ್ ತುಂಬು ಅಂದೆ, ಕರಗಿಸು ಅನ್ನಲಿಲ್ಲ" ಎನ್ನುತ್ತಾರೆ. ನೂರಕ್ಕೆ ಎರಡು ನಷ್ಟ ಸಹಜ ಎಂದು ಬರೆಯೋಣ ಅಂದೆ. ಒಂದು ಸಾಕು ಅಂದರು. ಸದ್ಯಕ್ಕೆ ಸ್ಟೋರಿನ ಬಾಗಿಲಿಗೆ ಒಂದು ಬುಕ್ ಕಟ್ಟಿದ್ದೇವೆ, ಒಳಗೆ ಹೋದದ್ದು, ಹೊರಗೆ ಬಂದದ್ದು, ಒಡೆದದ್ದು ಬರೆಯಲು. ನವೆಂಬರ್ ಮುಗಿದ ಮೇಲೆ ನೋಡೋಣ ಅಂದಿದ್ದಾರೆ.

ಬೆಲೇಕೇರಿ_ಕಂಪ್ರೆಸರ್

ಬುಕ್ ಕಟ್ಟಿದ್ದು ಒಳ್ಳೆಯದಾಯಿತು. ಬಾಗಿಲಿನ ರಬ್ಬರ್ ಪಟ್ಟಿಯನ್ನೂ ಒಮ್ಮೆ ನೋಡು ಮಾರಾಯ. ಸಂಜೆ ಕೈ ಇಟ್ಟು ನೋಡು, ತಣ್ಣನೆ ಗಾಳಿ ಬಂದರೆ ಅಲ್ಲೇ ಅರ್ಧ ಶೇಕಡಾ ಹೋಗುತ್ತಿದೆ.